ಹ್ಯಾಶ್‌ಟ್ಯಾಗಿನ ಅಡಿಗೆರೆ

ಹೋಟೆಲ್ ಮಾಲೀಕರು ಗಿರಾಕಿಯೊಬ್ಬನ ಪೋಸ್ಟಿನ ಸ್ಕ್ರೀನ್‌ಶಾಟ್ ಕಳಿಸಿ, ಅದು ಅರಬ್ಬಿಯಲ್ಲಿ ಬೇಕೆಂದರು. ‘ಊಟ ಬೆಂಕಿ ಗುರು’ ಎಂಬುದನ್ನು ಅನುವಾದಕಿ ‘ರುಚಿಗೆ ಸಾಟಿಯಿಲ್ಲ’ ಎಂದು ಮಾಡಿ, ಬೆಂಕಿಯ ಇಮೋಜಿಯನ್ನು ಹಾಗೇ ಉಳಿಸಿದಳು. ‘ಕೆಟ್ಟ ಊಟಕ್ಕೆ ವಿದಾಯ’ ಎಂಬ ಹ್ಯಾಶ್‌ಟ್ಯಾಗ್ ಅರಬ್ಬಿಯಲ್ಲಿ ‘ವಿದಾಯ’ದಿಂದಲೇ ಶುರುವಾಗುತ್ತದೆ; ಅದರ ಪದಗಳ ನಡುವೆ ಜಾಗ ಬಿಡದೆ ಅಡಿಗೆರೆ (_) ಹಾಕಿ ಜೋಡಿಸಿದಳು.

“ಇದೇನಮ್ಮ ಗೆರೆ, ಹಲ್ಲು ಬಿದ್ದ ಬಾಯಿ ಥರ? ತೆಗೀರಿ” ಎಂದರು ಮಾಲೀಕರು.

“ತೆಗೆದ್ರೆ ಮೊದಲ ಪದ ಮಾತ್ರ ಲಿಂಕ್ ಆಗತ್ತೆ ಸಾರ್.”

ಅರಬ್ಬಿಯ ಒಂದಕ್ಷರವೂ ಬಾರದ ಮಾಲೀಕರು ತಾವೇ ಗೆರೆ ಅಳಿಸಿ, ಜಾಗ ಬಿಟ್ಟು ಪೋಸ್ಟ್ ಮಾಡಿದರು.

ಮರುದಿನ ಅವರದೇ ಫೋನು. “ಲಿಂಕ್ ಒತ್ತಿದ್ರೆ ಯಾರ್ಯಾರದೋ ಶ್ರದ್ಧಾಂಜಲಿ ಬರ್ತಿದೆ. ಜನ ನಮ್ಮ ಅಡುಗೆಯವನಿಗೂ ಸಂತಾಪ ಹೇಳ್ತಿದ್ದಾರೆ. ಏನಂತ ಉತ್ತರ ಕೊಡ್ಲಿ?”

“ಧನ್ಯವಾದ ಅನ್ನಿ ಸಾರ್. ಒಂದೇ ಪದ, ಗೆರೆ ಬೇಕಾಗಲ್ಲ.”