ಸತ್ತವರ ಹೆಸರಿನ ಷೇರುಗಳು

ಕೈಯಲ್ಲಿ ದುಡ್ಡಿರುವ ಕಂಪನಿ ಷೇರುದಾರರ ಮುಂದೆ ಕೈಯೊಡ್ಡಿದರೆ ನನಗೆ ಅನುಮಾನ ಬರುತ್ತದೆ. ಇಪ್ಪತ್ತೆರಡು ವರ್ಷ ಕಂಪನಿ ಸೆಕ್ರೆಟರಿಯಾಗಿದ್ದು ಅಷ್ಟೂ ಬಾರದಿದ್ದರೆ ನನ್ನ ಸಂಬಳ ದಂಡ.

2003ರಲ್ಲಿ ಚೆನ್ನೈನ ಗಿಂಡಿಯಲ್ಲಿದ್ದ ನಮ್ಮ ಪಂಪ್ ಕಂಪನಿ ಒಂದು ಹಳೆಯ ಶೆಡ್ ಮಾರಿತು. ಬಂದ ಎರಡು ಕೋಟಿ ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿತ್ತು. ಹೊಸ ಯಂತ್ರದ ಮಾತಿಲ್ಲ, ತೀರಿಸಬೇಕಾದ ಸಾಲವಿಲ್ಲ. ಇಂಥ ಹೊತ್ತಿನಲ್ಲಿ ಕಂಪನಿಗಳು ಬೈಬ್ಯಾಕ್ ಮಾಡುತ್ತವೆ, ಅಂದರೆ ತಮ್ಮದೇ ಷೇರುಗಳನ್ನು ಕೊಂಡು ರದ್ದು ಮಾಡುತ್ತವೆ. ಬೇಕಾದವರು ಮಾರಿ ಹಣ ಪಡೆಯುತ್ತಾರೆ. ಸುಮ್ಮನೆ ಕೂತವರ ಪಾಲು ತಾನಾಗಿ ಒಂದಿಷ್ಟು ಏರುತ್ತದೆ. ನಾನು ಅದಕ್ಕೇ ಟಿಪ್ಪಣಿ ಬರೆದಿದ್ದೆ. ಎಂಡಿ ಬದರಿನಾಥ ಅದನ್ನು ಓದದೆಯೇ ಪಕ್ಕಕ್ಕೆ ಸರಿಸಿದರು.

"ಬೈಬ್ಯಾಕ್ ಬೇಡ ಮುರಳೀಧರ್. ರೈಟ್ಸ್ ಇಶ್ಯೂ ಮಾಡೋಣ. ಷೇರುದಾರರಿಗೆ ಇರೋ ಒಂದು ಷೇರಿಗೆ ಹೊಸದೊಂದು ಕೊಳ್ಳೋ ಹಕ್ಕು. ಮೂವತ್ತು ರೂಪಾಯಿ."

ಮಾರುಕಟ್ಟೆಯಲ್ಲಿ ತೊಂಬತ್ತಿತ್ತು.

"ದುಡ್ಡು ಇದೆಯಲ್ಲ ಸಾರ್? ಮತ್ತೆ ಯಾಕೆ?"

"ಬೈಬ್ಯಾಕ್ ಅಂದ್ರೆ ಇರೋದು ಆಚೆ ಹೋಗುತ್ತೆ. ಇದ್ರಲ್ಲಿ ಒಳಗೆ ಬರುತ್ತೆ. ಎಕ್ಸ್‌ಪ್ಯಾನ್ಷನ್‌ಗೆ ಅಂತ ಬರೀರಿ."

"ಯಾವ ಎಕ್ಸ್‌ಪ್ಯಾನ್ಷನ್?"

"ಅದು ಅಪ್ಪುರಂ, ಆಮೇಲೆ ಹೇಳ್ತೀನಿ."

ಮೈಲಾಪೂರಿನ ಮನೆಗೆ ಹೋಗುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ತೊಂಬತ್ತರದೊಂದು, ಮೂವತ್ತರದೊಂದು, ಎರಡಕ್ಕೆ ನೂರಿಪ್ಪತ್ತು. ಇಶ್ಯೂ ಆದಮೇಲೆ ಬೆಲೆ ಅರವತ್ತರ ಆಸುಪಾಸಿಗೆ ಇಳಿಯುತ್ತದೆ. ಅರ್ಜಿ ಹಾಕಿದವನಿಗೆ ನಷ್ಟವಿಲ್ಲ, ತನ್ನ ಹಕ್ಕನ್ನು ಬೇರೆಯವರಿಗೆ ಮಾರಿದವನಿಗೂ ಇಲ್ಲ. ಏನೂ ಮಾಡದವನಿಗೆ ಮಾತ್ರ ಷೇರಿಗೆ ಮೂವತ್ತು ರೂಪಾಯಿ ಪಂಗನಾಮ. ಯಾರೂ ಕೇಳದೆ ಉಳಿದ ಷೇರುಗಳು ಹೆಚ್ಚುವರಿ ಕೇಳಿದವರಿಗೆ ಹೋಗುತ್ತವೆ. ಹಾಗೆ ಹೆಚ್ಚುವರಿ ಕೇಳುವಷ್ಟು ದುಡ್ಡಿದ್ದವರು ನಮ್ಮಲ್ಲಿ ಒಬ್ಬರೇ, ಬದರಿನಾಥ.

ಆದರೆ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುವಾಗ ಸುಮ್ಮನೆ ಕೂರುವ ಪೆದ್ದ ಯಾರು? ಅಡ್ಯಾರ್ ಸೇತುವೆ ದಾಟುವಾಗ ಉತ್ತರ ಹೊಳೆಯಿತು. ಸತ್ತವರು.

ಎಪ್ಪತ್ತರ ದಶಕದಲ್ಲಿ ಬದರಿನಾಥರ ತಂದೆ ತಮ್ಮ ನೌಕರರಿಗೆಲ್ಲ ಷೇರು ಕೊಟ್ಟಿದ್ದರು. ಅವರಲ್ಲಿ ಬಹಳ ಮಂದಿ ಹೋಗಿಬಿಟ್ಟಿದ್ದರು. ಪ್ರತಿಯೊಬ್ಬರ ವೈಕುಂಠ ಸಮಾರಾಧನೆಗೂ ನಾನು ಹೋಗಿದ್ದೇನೆ, ಎಲೆ ಹಾಕಿಸಿಕೊಂಡು ಉಂಡಿದ್ದೇನೆ. ಆ ಮನೆಯಲ್ಲಿ ಕೂತು ಮರಣ ಪ್ರಮಾಣಪತ್ರ ತನ್ನಿ, ವಾರಸುದಾರರ ಸರ್ಟಿಫಿಕೇಟ್ ತನ್ನಿ ಎನ್ನುವುದು ಹೇಗೆ? "ನಿಧಾನವಾಗಿ ಕೊಡಿ" ಎನ್ನುತ್ತಿದ್ದೆ. ಅವರು ಕೊಡಲಿಲ್ಲ, ನಾನೂ ಕೇಳಲಿಲ್ಲ, ಷೇರುಗಳು ಸತ್ತವರ ಹೆಸರಿನಲ್ಲೇ ಉಳಿದವು. ಡಿವಿಡೆಂಡ್ ಗಂಡಹೆಂಡಿರ ಹಳೆಯ ಜಂಟಿ ಖಾತೆಗೆ ಹೋಗುತ್ತಲೇ ಇತ್ತು. ಎರಡು ತಿಂಗಳ ಹಿಂದೆ ಬದರಿನಾಥ, ವಿಳಾಸ ಸರಿಮಾಡಬೇಕು ಎಂದು ಅಂಥವರ ಪಟ್ಟಿ ಕೇಳಿದಾಗ ನಾನೇ ಟೈಪ್ ಮಾಡಿ ಕೊಟ್ಟಿದ್ದೆ. ಇಪ್ಪತ್ತು ಲಕ್ಷ ಷೇರುಗಳಲ್ಲಿ ಮೂರು ಲಕ್ಷ. ನನ್ನ ದಾಕ್ಷಿಣ್ಯಕ್ಕಿಷ್ಟು ಬೆಂಕಿ ಹಾಕ!

ಬೋರ್ಡಿನಲ್ಲಿ ಎಲ್ಲರೂ ತಲೆಯಾಡಿಸಿದರು. ಇಶ್ಯೂ ಮೂವತ್ತು ದಿನ ತೆರೆದಿರುತ್ತದೆ ಎಂದಾಯಿತು. ತಾಲೂಕು ಕಚೇರಿಯಿಂದ ವಾರಸುದಾರರ ಸರ್ಟಿಫಿಕೇಟ್ ಬರಲು ಎರಡು ತಿಂಗಳು ಬೇಕು. ಆದರೂ ಪಟ್ಟಿಯ ಮನೆಮನೆಗೆ ಹೋಗಿ, ಕೂಡಲೇ ಕಾಗದ ಮಾಡಿಸಿ ಎಂದು ಹೇಳಿದೆ. "ನೋಡೋಣ" ಎಂದರು, ಕಾಫಿ ಕೊಟ್ಟರು.

ಇಪ್ಪತ್ತೆಂಟನೆಯ ದಿನ ಅಂಬುಜಮ್ಮ ಆಫೀಸಿಗೆ ಬಂದರು. ನಮ್ಮ ಫೋರ್‌ಮನ್ ಆಗಿದ್ದ ಜಯರಾಮರ ಹೆಂಡತಿ. ಎರಡು ಸಾವಿರ ಷೇರಿನ ಅರ್ಜಿ, ಜೊತೆಗೆ ಅರವತ್ತು ಸಾವಿರದ ಡಿಡಿ. ಅರ್ಜಿಯ ಮೇಲೆ ಜಯರಾಮರ ಸಹಿ ಇತ್ತು. ಜಯರಾಮರು ಹೋಗಿ ಆರು ವರ್ಷವಾಗಿತ್ತು.

"ಇದು ಯಾರು ಹಾಕಿದ್ದಮ್ಮ?"

"ನಾನೇ. ಅವರ ಹಾಗೇ ಹಾಕಿದೀನಿ, ನೋಡಿ."

"ಇದನ್ನ ತಗೊಳ್ಳಕ್ಕಾಗಲ್ಲ. ಷೇರು ನಿಮ್ಮ ಹೆಸರಿಗೆ ಬಂದಿಲ್ಲ. ತಾಲೂಕು ಆಫೀಸಲ್ಲಿ ಏನಂದ್ರು?"

"ಮುಂದಿನ ತಿಂಗಳು ವಾಂಗೋ, ಬನ್ನಿ ಅಂದ್ರು. ಅಷ್ಟೊತ್ತಿಗೆ ಇದು ಮುಗಿದಿರುತ್ತಲ್ಲ?"

ಹೌದು ಎಂದೆ. ಅಂಬುಜಮ್ಮ ಡಿಡಿಯನ್ನು ಮಡಿಸಿ ಚೀಲದೊಳಗೆ ಇಟ್ಟುಕೊಂಡರು. ಅವರ ಧ್ವನಿ ಏರಲಿಲ್ಲ.

"ನಾವು ಬಿಟ್ಟಿದ್ದು ಯಾರಿಗೆ ಹೋಗುತ್ತೆ?"

ಹೇಳಿದೆ. ಮುಚ್ಚಿಡಲು ಮನಸ್ಸಾಗಲಿಲ್ಲ.

"ಆರು ವರ್ಷ ನಿಧಾನವಾಗಿ ಕೊಡಿ, ನಿಧಾನವಾಗಿ ಕೊಡಿ ಅಂದ್ರಿ. ನೀವು ಒಳ್ಳೇವರು ಅಂದ್ಕೊಂಡಿದ್ದೆ." ಅವರು ಎದ್ದು ನಿಂತು ನನ್ನ ಮುಖವನ್ನೇ ನೋಡಿದರು. "ಇಷ್ಟು ವರ್ಷ ಹಾಗೆ ಹೇಳ್ತಾ ಇರಕ್ಕೆ ಎಂಡಿ ನಿಮಗೆ ಎಷ್ಟು ಕೊಟ್ರು ಮುರಳೀಧರ್?"

ಇಲ್ಲ ಎಂದೆ. ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು.