ಎರಡು ದಿನ ಇಡಬಹುದಾದ ಗಿಣ್ಣದ ಹಾಲು

ಜರಡಿಯಮ್ಮ ಎಂಬ ಹೆಸರನ್ನು ಅವಳಿಗೆ ಯಾರು ಇಟ್ಟರೆಂದು ಆ ಕಚೇರಿಯಲ್ಲಿ ಈಗ ಯಾರಿಗೂ ನೆನಪಿಲ್ಲ. ದನಕರುಗಳ ಆರೋಗ್ಯದ ಬಗ್ಗೆ ಬರುವ ಒಂದು ಸಂಶೋಧನಾ ಪತ್ರಿಕೆಯ ಕಚೇರಿ ಅದು. ಮಹಡಿಯ ಮೇಲೆ ಎರಡು ಕೋಣೆ, ಕೆಳಗೆ ಮೇವಿನ ಬೀಜ, ಹಿಂಡಿ ಮಾರುವ ಅಂಗಡಿ. ಕಿಟಕಿ ತೆರೆದರೆ ಹಿಂಡಿಯ ವಾಸನೆ ಮೇಲಕ್ಕೇರಿ ಬರುತ್ತದೆ. ಲೇಖನ ಬರೆದವರು "ಹೀಗೆಂದು ಇಂಥವರು ತೋರಿಸಿದ್ದಾರೆ" ಎಂದು ಎಲ್ಲೆಲ್ಲಿ ಹೇಳಿದ್ದಾರೋ ಅಲ್ಲೆಲ್ಲ ಆ ಇಂಥವರ ಮೂಲ ಬರಹವನ್ನು ತರಿಸಿ, ಅವರು ನಿಜವಾಗಿ ಹಾಗೆ ತೋರಿಸಿದ್ದಾರೆಯೇ ಎಂದು ನೋಡುವುದು ಅವಳ ಕೆಲಸ. ಬಹಳ ವರ್ಷಗಳಿಂದ ಇದನ್ನೇ ಮಾಡಿ ಅವಳ ಕಣ್ಣುಗಳು ಸೋತಿವೆ. ಮನಸ್ಸೂ ಅಷ್ಟೇ.

"ಇವತ್ತು ಯಾರ ಕುತ್ತಿಗೆ ಹಿಡಿದೆ?" ಎಂದು ಮನೆಯಲ್ಲಿ ಅಕ್ಕ ಸಂಜೆ ಕೇಳುತ್ತಾಳೆ. ಒಲೆಯ ಮುಂದೆ ನಿಂತೇ ಕೇಳುತ್ತಾಳೆ, ಉತ್ತರಕ್ಕೆ ಕಾಯುವುದಿಲ್ಲ.

ಈ ಸಲ ಮೇಜಿನ ಮೇಲಿದ್ದದ್ದು ಒಬ್ಬ ಡಾಕ್ಟರಮ್ಮನ ಲೇಖನ. ಹಳ್ಳಿಗಳ ಪಶುವೈದ್ಯೆ. ನಾಲ್ಕು ವರ್ಷ ದಾರಿ ಸವೆಸಿ ಕರುಗಳ ಸಾವಿನ ಲೆಕ್ಕ ಹಾಕಿದ್ದಳು. ಕರು ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಗಿಣ್ಣದ ಹಾಲು ಹೊಟ್ಟೆಗಿಳಿಯದಿದ್ದರೆ ಅದು ರೋಗಕ್ಕೆ ಬೇಗ ಬೀಳುತ್ತದೆ. ತಾಯಿ ಸತ್ತರೆ, ಕೆಚ್ಚಲು ಬಾತರೆ, ಆ ಹಾಲು ಎಲ್ಲಿಂದ ಬರಬೇಕು? ಇದಕ್ಕೆ ಡಾಕ್ಟರಮ್ಮ ಒಂದು ದಾರಿ ಸೂಚಿಸಿದ್ದಳು: ಪ್ರತಿ ಓಣಿಯಲ್ಲೂ ಒಂದು ಮನೆಯವರು, ಹಸು ಹೆಚ್ಚು ಗಿಣ್ಣ ಕೊಟ್ಟ ದಿನ ಒಂದು ಪಾತ್ರೆಯಷ್ಟು ಎತ್ತಿಡಬೇಕು, ಬೇಕಾದವರು ಬಂದು ಒಯ್ಯಬೇಕು. ತಂಪುಪೆಟ್ಟಿಗೆ ಇಲ್ಲದವರ ಮನೆಯಲ್ಲೂ ಇದು ನಡೆಯುತ್ತದೆ, ಏಕೆಂದರೆ "ಗಿಣ್ಣದ ಹಾಲನ್ನು ಮನೆಯ ತಾಪದಲ್ಲಿ ಎರಡು ದಿನ ಇಡಬಹುದು." ಆ ವಾಕ್ಯದ ಕೊನೆಯಲ್ಲಿ, ಮೂಲ ಯಾವುದೆಂದು ತೋರಿಸುವ ಒಂದು ಪುಟ್ಟ ಸಂಖ್ಯೆ. ಲೇಖನದ ಇಡೀ ಭಾರ ಆ ಸಂಖ್ಯೆಯ ಮೇಲೆ ನಿಂತಿತ್ತು. ಲೇಖನ ಅಚ್ಚಾದರೆ ಇದೇ ವಾಕ್ಯ ಹಳ್ಳಿಗಳಿಗೆ ಹಂಚುವ ಕೈಪಿಡಿಗೆ ಹೋಗಬೇಕೆಂದು ಮಾತಾಗಿತ್ತು.

ಜರಡಿಯಮ್ಮ ಆ ಸಂಖ್ಯೆಯ ಹಿಂದೆ ಹೋದಳು. ಸಿಕ್ಕಿದ್ದು ಒಂದು ಸಮೀಕ್ಷಾ ಲೇಖನ, ಅಂದರೆ ತಾನೇ ಏನನ್ನೂ ಪರೀಕ್ಷಿಸದೆ ಬೇರೆಯವರ ಪರೀಕ್ಷೆಗಳನ್ನು ಒಟ್ಟುಮಾಡಿ ಹೇಳುವ ಬರಹ. ಅದರಲ್ಲಿ "ಎರಡು ದಿನ ಕೆಡದೆ ಉಳಿಯುತ್ತದೆಂದು ವರದಿಯಾಗಿದೆ" ಎಂದಿತ್ತು, ಅಲ್ಲಿ ಇನ್ನೊಂದು ಸಂಖ್ಯೆ. ಅದರ ಹಿಂದೆ ಹೋದರೆ ಇನ್ನೊಂದು ಸಮೀಕ್ಷೆ: "ಸೂಕ್ತವಾಗಿ ಇಟ್ಟರೆ ಎರಡು ದಿನ." ಅದರ ಹಿಂದೆ ಕೊನೆಗೂ ಮೂಲ ಪ್ರಯೋಗ. ಅದು ಇಲ್ಲಿ ಯಾರ ಬಳಿಯೂ ಇರಲಿಲ್ಲ. ದೂರದ ಗ್ರಂಥಾಲಯವೊಂದಕ್ಕೆ ಬರೆದು, ಕಾದು, ವಕ್ರವಾಗಿ ಸ್ಕ್ಯಾನ್ ಆದ ಪುಟಗಳನ್ನು ತರಿಸಿಕೊಂಡಳು.

ಓದಿ ಮುಗಿಸಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಆ ಪ್ರಯೋಗದಲ್ಲಿ ಎರಡು ದಿನ ಉಳಿದದ್ದು ಕೆಡದಂತೆ ತಡೆಯುವ ಸಂರಕ್ಷಕ ಬೆರೆಸಿದ ಹಾಲು. ಏನೂ ಬೆರೆಸದೆ ಕೋಣೆಯಲ್ಲಿಟ್ಟದ್ದು ಮರುದಿನ ಬೆಳಗಾಗುವಷ್ಟರಲ್ಲಿ ಕರುವಿಗೆ ಕುಡಿಸಬಾರದಷ್ಟು ಸೂಕ್ಷ್ಮಾಣುಗಳಿಂದ ತುಂಬಿತ್ತು. ಹೋಲಿಕೆಗೆಂದೇ ಅದನ್ನು ಇಟ್ಟಿದ್ದರು. ಸಾಲಾಗಿ ನಿಂತವರು ತೂತು ಬಿಂದಿಗೆಯನ್ನು ಕೈಯಿಂದ ಕೈಗೆ ದಾಟಿಸಿದಂತೆ ಆಗಿತ್ತು. ಮೊದಲ ಕೈಯಲ್ಲಿ ಸಂರಕ್ಷಕದ ಮಾತು ಸೋರಿತು, ಎರಡನೆಯದರಲ್ಲಿ "ಸೂಕ್ತವಾಗಿ" ಎಂಬುದೂ ಸೋರಿತು, ಡಾಕ್ಟರಮ್ಮನ ಕೈಗೆ ಬರುವಾಗ "ಎರಡು ದಿನ" ಮಾತ್ರ ಉಳಿದಿತ್ತು.

ಅವಳು ಅಂಚಿನಲ್ಲಿ ಬರೆದಳು: ಮೂಲ ಇದನ್ನು ಹೇಳುವುದಿಲ್ಲ. ಬೆರೆಸದ ಹಾಲಿನ ಬಗ್ಗೆ ಇದಕ್ಕೆ ವಿರುದ್ಧವಾಗಿ ಹೇಳುತ್ತದೆ.

ಸಂಪಾದಕರು ಅದನ್ನು ಓದಿ ನಿಟ್ಟುಸಿರಿಟ್ಟರು. ಸಂಚಿಕೆಯ ಉಳಿದದ್ದೆಲ್ಲ ಸಿದ್ಧವಾಗಿತ್ತು.

"ಏನಮ್ಮಾ ಜರಡಿಯಮ್ಮ, ಕಾಳೂ ಬೀಳದ ಹಾಗೆ ಜರಡಿ ಹಿಡೀತೀಯಲ್ಲ. 'ಕೆಲವು ವರದಿಗಳ ಪ್ರಕಾರ' ಅಂತ ಸೇರಿಸಿಬಿಟ್ರೆ ಆಗಲ್ವಾ?"

"ಯಾವ ವರದಿ ಸಾರ್? ಆ ಎರಡೂ ಸಮೀಕ್ಷೆ ಇದೇ ಒಂದು ಪ್ರಯೋಗ ನೋಡ್ಕೊಂಡು ಹೇಳಿದ್ದು. ಎರಡು ಬಾಯಿ ಇರಬಹುದು, ಮಾತು ಒಂದೇ. ಆ ಮಾತೂ ಇದಲ್ಲ."

"ಆ ಹೆಣ್ಮಗಳು ನಾಲ್ಕು ವರ್ಷ ಬಿಸಿಲಲ್ಲಿ ತಿರುಗಿದ್ದಾಳೆ ಕಣಮ್ಮ."

"ಅದಕ್ಕೇ ಬರಹೇಳಿ ಸಾರ್. ಕಾಗದದಲ್ಲಿ ಬರೆದು ಕಳಿಸಿದ್ರೆ ಬೇಜಾರಾಗುತ್ತೆ."

ಮರುದಿನ ಡಾಕ್ಟರಮ್ಮ ಬಂದಳು. ಬೂಟಿನ ತುಂಬ ಧೂಳು, ಹೆಗಲಲ್ಲಿ ಔಷಧಿಯ ಚೀಲ, ಮೊಣಕೈವರೆಗೆ ಮಡಚಿದ ತೋಳು. ಕುರ್ಚಿಯಲ್ಲಿ ಕೂತವಳು ನೀರು ಕೇಳಿ, ಚೊಂಬು ಖಾಲಿ ಮಾಡಿದ ಮೇಲೆ ಮಾತಿಗಿಳಿದಳು.

"ಏನಮ್ಮಾ, ನನ್ನ ಲೇಖನಕ್ಕೆ ಕೆಂಪು ಬಳಿದಿದ್ದೀರಂತೆ?"

"ಕೆಂಪು ಕಮ್ಮೀನೇ ಇದೆ ಡಾಕ್ಟ್ರೇ. ನೋಡಿ."

ಒಂದೊಂದಾಗಿ ನೋಡಿದರು. ಒಂದು ಕಡೆ ಡಾಕ್ಟರಮ್ಮ, ಕೊಟ್ಟಿಗೆ ಗಲೀಜಾಗಿರುವುದರಿಂದ ಕರು ಸಾಯುತ್ತದೆಂದು ಬರೆದಿದ್ದಳು. ಮೂಲದಲ್ಲಿ ಗಲೀಜು ಕೊಟ್ಟಿಗೆ ಇರುವಲ್ಲಿ ಸಾವೂ ಹೆಚ್ಚು ಕಂಡಿತು ಎಂದಷ್ಟೇ ಇತ್ತು, ಇದರಿಂದಲೇ ಅದು ಎಂದಿರಲಿಲ್ಲ. "ಸರಿ, ತಿದ್ದಿ" ಎಂದಳು ಡಾಕ್ಟರಮ್ಮ. ಇನ್ನೊಂದು ಕಡೆ ಜರಡಿಯಮ್ಮ "ಈ ಅಂಕಿ ಮೂಲದಲ್ಲಿ ಕಾಣಲಿಲ್ಲ" ಎಂದು ಗುರುತು ಹಾಕಿದ್ದಳು. ಡಾಕ್ಟರಮ್ಮ ಪುಟ ತಿರುವಿ, ಕೊನೆಯಲ್ಲಿದ್ದ ಅನುಬಂಧದ ಕೋಷ್ಟಕದ ಮೇಲೆ ಬೆರಳಿಟ್ಟಳು. ಅಂಕಿ ಅಲ್ಲೇ ಇತ್ತು.

"ಅಯ್ಯೋ, ಅನುಬಂಧ ನೋಡೇ ಇಲ್ಲ ನಾನು," ಎಂದು ಜರಡಿಯಮ್ಮ ಆ ಗುರುತನ್ನು ಅಳಿಸಿದಳು.

"ನಿಮ್ಮ ಜರಡೀಲೂ ತೂತಿದೆ ಅಂತಾಯ್ತು!"

"ತೂತಿಲ್ದಿದ್ರೆ ಅದು ತಟ್ಟೆ ಆಗ್ತಿತ್ತು ಡಾಕ್ಟ್ರೇ."

ಇಬ್ಬರೂ ನಕ್ಕರು. ನಗು ಇಳಿದ ಮೇಲೆ ಉಳಿದದ್ದು ಆ ಒಂದೇ ವಾಕ್ಯ.

"ಇದನ್ನ ನೀವು ಎಲ್ಲಿ ಓದಿದ್ರಿ?"

"ಆ ಸಮೀಕ್ಷೇಲಿ. ಮೂಲ ನಮಗೆಲ್ಲಿ ಸಿಗುತ್ತಮ್ಮ? ಎಲ್ಲರೂ ಅದನ್ನೇ ಹೇಳ್ತಾರೆ. ಅದು ಗೊತ್ತಿರೋ ವಿಷಯ." ಡಾಕ್ಟರಮ್ಮನ ಧ್ವನಿ ಸ್ವಲ್ಪ ಗಡುಸಾಯಿತು. "ಈ ವಾಕ್ಯ ಕಿತ್ತುಹಾಕಿದ್ರೆ ಲೇಖನದಲ್ಲಿ ಏನಿರುತ್ತೆ ಹೇಳಿ. ತಂಪುಪೆಟ್ಟಿಗೆ ಇಟ್ಕೊಂಡವರಿಗೆ ನನ್ನ ಉಪದೇಶ ಯಾಕೆ ಬೇಕು?"

ಜರಡಿಯಮ್ಮ ವಾದ ಮಾಡಲಿಲ್ಲ. ವಕ್ರವಾಗಿ ಸ್ಕ್ಯಾನ್ ಆದ ಪುಟಗಳನ್ನು ಮುಂದಕ್ಕೆ ತಳ್ಳಿದಳು. "ನೀವೇ ಓದಿ. ನಾನು ತಪ್ಪಾಗಿ ಓದಿದ್ರೆ ಹೇಳಿ, ಈಗ ತಾನೇ ಒಂದು ತಪ್ಪು ಹಿಡಿದ್ರಲ್ಲ."

ಡಾಕ್ಟರಮ್ಮ ಓದಿದಳು. ಕರುವಿನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡುವವರ ಹಾಗೆ ನಿಧಾನವಾಗಿ ಓದಿದಳು. ವಿಧಾನದ ಭಾಗ, ಕೋಷ್ಟಕ, ಮತ್ತೆ ವಿಧಾನದ ಭಾಗ. ಕೆಳಗಡೆ ಅಂಗಡಿಯವನು ಚೀಲ ತೂಗುತ್ತ ಯಾರೊಡನೆಯೋ ಜಗಳವಾಡುತ್ತಿದ್ದ. ಜರಡಿಯಮ್ಮ ಎದ್ದು ಕಿಟಕಿ ಮುಚ್ಚಿ ಬಂದಳು.

"ಸಂರಕ್ಷಕ ಬೆರೆಸಿದ್ದಾರೆ," ಎಂದಳು ಡಾಕ್ಟರಮ್ಮ ಕೊನೆಗೆ.

"ಹೂಂ."

"ಬೆರೆಸದೇ ಇದ್ದದ್ದು ಒಂದು ರಾತ್ರೀನೂ ತಡೆದಿಲ್ಲ."

"ಹೂಂ."

ಡಾಕ್ಟರಮ್ಮ ಪುಟಗಳನ್ನು ಜೋಡಿಸಿ ಇಟ್ಟಳು. ಮತ್ತೆ ತೆಗೆದಳು. ಅವಳ ಮುಖದಲ್ಲಿ ಲೇಖನದ ಚಿಂತೆ ಹೋಗಿ ಬೇರೇನೋ ಬಂದು ಕೂತದ್ದನ್ನು ಜರಡಿಯಮ್ಮ ನೋಡಿದಳು.

"ಪರೀಕ್ಷೆ ಅಂತ ನಾನು ಇದನ್ನ ಆಗಲೇ ಐದಾರು ಓಣೀಲಿ ಶುರು ಮಾಡಿಸಿದ್ದೀನಮ್ಮ. ಪಾತ್ರೆ ಗೋಡೆ ಗೂಡಿನಲ್ಲಿಟ್ಟು ಬಟ್ಟೆ ಕಟ್ಟಿ ಅಂತ ನಾನೇ ತೋರಿಸಿಕೊಟ್ಟೆ. ಕೆಲವು ಕರು ಕುಡಿದ ಮೇಲೆ ಭೇದಿ ಆಗಿ ಮಲಗಿದ್ವು. ಕೊಟ್ಟಿಗೆ ತೊಳೀರಿ ಅಂತ ಆ ಹೆಂಗಸರನ್ನ ಬೈದು ಬಂದೆ."

ಅವಳು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ತನ್ನ ಲೆಕ್ಕದ ಹಾಳೆ ತೆರೆದಳು. ಯಾವ ಕರುವಿಗೆ ಎಷ್ಟು ಹೊತ್ತು ಇಟ್ಟ ಹಾಲು ಹೋಯಿತು ಎಂಬ ಕಾಲಂ ಇತ್ತು. ಅದನ್ನು ಅವಳು ಬರೆದುಕೊಂಡಿದ್ದಳು, ಆದರೆ ಎಂದೂ ಬಿಡಿಸಿ ನೋಡಿರಲಿಲ್ಲ. ಎರಡು ದಿನದೊಳಗೆ ಎಲ್ಲವೂ ಒಂದೇ ಎಂದು ನಂಬಿದವರು ಯಾಕೆ ನೋಡುತ್ತಾರೆ? ಈಗ ಬಿಡಿಸಿದಳು. ಆಗಷ್ಟೇ ಕರೆದ ಹಾಲು ಕುಡಿದವು ಒಂದು ಕಡೆ, ಮರುದಿನದ ಹಾಲು ಕುಡಿದವು ಒಂದು ಕಡೆ. ಭೇದಿಯಾದವು ಹೆಚ್ಚಾಗಿ ಈ ಎರಡನೆಯ ಕಡೆ ಇದ್ದವು.

"ನೋಡಿ," ಎಂದಳು. ಪರದೆಯನ್ನು ಮೇಜಿನ ಆಚೆಗೆ ತಿರುಗಿಸಿದಳು.

ಜರಡಿಯಮ್ಮ ಕನ್ನಡಕ ಏರಿಸಿ ನೋಡಿದಳು. "ಕರು ತುಂಬ ಕಮ್ಮಿ ಇವೆ ಡಾಕ್ಟ್ರೇ. ಮನೆಮನೆಗೂ ಕೊಟ್ಟಿಗೆ ಬೇರೆ, ಆರೈಕೆ ಬೇರೆ. ಇಷ್ಟರಿಂದ ಹಾಲೇ ಕಾರಣ ಅನ್ನೋಕಾಗಲ್ಲ. ನೀವು ಹಾಗೆ ಬರೆದ್ರೆ ಅದಕ್ಕೂ ನಾನು ಕೆಂಪು ಹಾಕ್ಬೇಕಾಗುತ್ತೆ."

"ಬರೆಯೋಕಾಗಲ್ಲ, ಗೊತ್ತು." ಡಾಕ್ಟರಮ್ಮ ಫೋನು ಕೈಗೆತ್ತಿಕೊಂಡಿದ್ದಳು. "ಹೇಳೋಕಾಗುತ್ತಲ್ಲ."

ಅವಳು ಮೆಟ್ಟಿಲ ಬಳಿ ಹೋಗಿ ನಿಂತಳು. ಬಾಗಿಲು ತೆರೆದೇ ಇದ್ದುದರಿಂದ ಮಾತೆಲ್ಲ ಒಳಗೆ ಕೇಳುತ್ತಿತ್ತು.

"ಅಜ್ಜೀ, ನಾನು, ದನದ ಡಾಕ್ಟ್ರು... ಗೂಡಿನಲ್ಲಿ ಪಾತ್ರೆ ಇದೆಯಾ?... ನಿನ್ನೇದಾ? ಚೆಲ್ಲಿಬಿಡಿ. ಹೌದು, ಪೂರ್ತಿ... ಇಲ್ಲ ಅಜ್ಜಿ, ನಿಮ್ಮ ಕೈ ತೊಳೆದದ್ದು ಸರಿಯಾಗೇ ಇತ್ತು. ನಾನು ಹೇಳಿದ್ದೇ ಸರಿ ಇರಲಿಲ್ಲ... ಆಗಷ್ಟೇ ಕರೆದಿದ್ದನ್ನ ಆಗಲೇ ಕುಡಿಸಿ. ಇಡಬೇಡಿ... ಯಾಕೆ ಅಂದ್ರೆ, ನಾನು ಸರಿಯಾಗಿ ಓದಿರಲಿಲ್ಲ ಅಜ್ಜಿ."

ಆ ಕಡೆಯವರು ಏನೋ ದೊಡ್ಡದಾಗಿ ಹೇಳಿರಬೇಕು. ಡಾಕ್ಟರಮ್ಮ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ತಲೆ ತಗ್ಗಿಸಿ ಕೇಳಿಸಿಕೊಂಡಳು. "ಬೈಯಿರಿ, ಬೈಯಿರಿ," ಎಂದಳು. ಆಮೇಲೆ ಇನ್ನೊಂದು ಮನೆಗೆ ಮಾಡಿದಳು. ಆಮೇಲೆ ಇನ್ನೊಂದಕ್ಕೆ.

ಸಂಪಾದಕರು ಒಳಗಿನ ಕೋಣೆಯಿಂದ ಇಣುಕಿದರು. "ಏನಾಯ್ತಮ್ಮ? ಲೇಖನ ಹೋಗುತ್ತಾ ಅಚ್ಚಿಗೆ?"

"ಅವರನ್ನೇ ಕೇಳಿ ಸಾರ್. ಫೋನ್ ಮುಗೀಲಿ."

ಫೋನು ಮುಗಿಯುವಾಗ ಕೆಳಗಿನ ಅಂಗಡಿಯವನು ಬಾಗಿಲು ಎಳೆಯುತ್ತಿದ್ದ. ಡಾಕ್ಟರಮ್ಮ ಒಳಗೆ ಬಂದು ತನ್ನ ಲೇಖನವನ್ನು ಮೇಜಿನಿಂದ ಎತ್ತಿ, ಔಷಧಿಯ ಬಾಟಲಿಗಳ ಪಕ್ಕ ತುರುಕಿದಳು.

"ಈ ಸಲ ಬಿಟ್ಟುಬಿಡಿ ಸಾರ್. ನನ್ನ ಜಾಗ ಖಾಲಿ ಇಡಬೇಡಿ, ಬೇರೆ ಯಾರದಾದ್ರೂ ಹಾಕಿ." ನಂತರ ಜರಡಿಯಮ್ಮನ ಕಡೆ ತಿರುಗಿ, "ಆ ವಕ್ರ ಪುಟ ನನಗೊಂದು ಪ್ರತಿ ಕೊಡ್ತೀರಾ? ಸಂರಕ್ಷಕ ಏನು, ಎಷ್ಟು ಅಂತ ಮೊದಲಿಂದ ಓದ್ಬೇಕು. ನಮ್ಮ ಕಡೆ ಸಿಗುತ್ತೋ ಇಲ್ವೋ."

"ಇದನ್ನೇ ಒಯ್ಯಿರಿ. ಇನ್ನೊಂದು ತರಿಸ್ಕೋತೀನಿ."

ಡಾಕ್ಟರಮ್ಮ ಮೆಟ್ಟಿಲಿಳಿಯುವ ಸದ್ದು ಕೇಳುತ್ತಿದ್ದಂತೆ ಸಂಪಾದಕರು ಬೇರೊಂದು ಲೇಖನ ತಂದು ಜರಡಿಯಮ್ಮನ ಮುಂದಿಟ್ಟರು. ಕುರಿಗಳ ಗೊರಸಿನ ಕೊಳೆತದ ಬಗ್ಗೆ. ಅದರ ಕೊನೆಯಲ್ಲಿ ಸಂಖ್ಯೆ ಹಾಕಿದ ಮೂಲಗಳು ಮೂರು ಪುಟ ತುಂಬಿದ್ದವು. "ಆ ಖಾಲಿ ಜಾಗಕ್ಕೆ," ಎಂದು ಅವರು ತಪ್ಪು ಮಾಡಿದವರ ಹಾಗೆ ಹೇಳಿ ಹೊರಟರು.

ಸಂಜೆ ಮನೆಯಲ್ಲಿ ಅಕ್ಕ ಒಲೆಯ ಮುಂದೆ ನಿಂತೇ ಕೇಳಿದಳು, "ಇವತ್ತು ಯಾರ ಕುತ್ತಿಗೆ?"

ಜರಡಿಯಮ್ಮ ಗೋಡೆಗೊರಗಿ ಕಾಲು ಚಾಚಿದಳು. ಹೇಳಲು ಹೊರಟರೆ ಸಂರಕ್ಷಕದಿಂದ ಶುರುಮಾಡಬೇಕು.

"ಹಾಲು ಎಷ್ಟು ಹೊತ್ತಿಂದ ಹೊರಗಿದೆಯಕ್ಕ?" ಎಂದು ಕೇಳಿದಳು.

"ಈಗ ತಾನೇ ತೆಗೆದೆ. ಯಾಕೆ?"

"ಸುಮ್ನೆ," ಎಂದು ಕಣ್ಣು ಮುಚ್ಚಿದಳು.