ಪರದೆಯ ಆಚೆ ಎಂಟಡಿ

ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ನಿತ್ಯಾ ಒಂದೇ ಕೈಗೆ ವ್ಯಾಕ್ಸ್ ಮಾಡಿಸಿಕೊಂಡು ಪಾರ್ಲರ್‌ನಿಂದ ಎದ್ದುಹೋದಳು.

ಬಾಗಿಲ ಪಕ್ಕದ ಸೋಫಾದಲ್ಲಿ ಹುಬ್ಬು ತಿದ್ದಿಸಲು ಕಾದಿದ್ದ ಲಕ್ಷ್ಮಿಯಮ್ಮಾಳ್ ಎದುರು ಗೋಡೆಯ ಉದ್ದ ಕನ್ನಡಿಯಲ್ಲಿ ಅವಳನ್ನು ನೋಡಿ, "ಏನ್ ಕಣ್ಣಮ್ಮಾ, ಹುಡುಗನ ಮನೆಯವ್ರು ಕೈ ಕೂಡ ನೋಡ್ತಾರಾ?" ಎಂದು ಕೇಳಿದ್ದೇ ಕಾರಣ.

ಗೋಕಿಲಾ ಕೊಯಮತ್ತೂರಿನ ಬಳಿಯ ಕರುಮತ್ತಂಪಟ್ಟಿಯಲ್ಲಿ ಈ ಪಾರ್ಲರ್ ತೆರೆದು ಎರಡು ತಿಂಗಳಾಗಿತ್ತು. ನಿತ್ಯಾಳದು ಅವಳಿಗೆ ಸಿಕ್ಕಿದ ಮೊದಲ ಮದುವೆಯ ಅಲಂಕಾರ. ಅದು ಕೈತಪ್ಪಿದರೆ ಊರಿನ ಉಳಿದ ಮದುವಣಗಿತ್ತಿಯರೂ ಕೊಯಮತ್ತೂರಿನ ಬಸ್ ಹತ್ತುವುದು ಖಂಡಿತ.

ಹತ್ತಡಿ ಅಗಲ, ಹದಿನಾರಡಿ ಉದ್ದದ ಆ ಕೋಣೆಯನ್ನು ಜೋಡಿಸಿದ್ದು ಗಂಡ ಭೂಪತಿ. ಇಪ್ಪತ್ತು ವರ್ಷ ಪವರ್‌ಲೂಮ್ ನಡೆಸಿದವನು. ಸೋಫಾ, ಎರಡು ಕುರ್ಚಿ, ಮಂಚ, ಕೊನೆಯಲ್ಲಿ ತಲೆ ತೊಳೆಯುವ ಬೇಸಿನ್ ಎಲ್ಲವನ್ನೂ ಮಗ್ಗದ ಶೆಡ್ಡಿನಂತೆ ಒಂದೇ ಸಾಲಿನಲ್ಲಿ ಇಟ್ಟಿದ್ದ. ಬೇಸಿನ್ನಿಗೆ ಹೋಗುವವರು ಮಂಚವನ್ನು ದಾಟಿಯೇ ಹೋಗಬೇಕಿತ್ತು.

"ನಿಂತಲ್ಲಿಂದ ಎಲ್ಲಾ ಮಗ್ಗ ಕಾಣ್ಬೇಕು ತಾನೇ ಅಮ್ಮಣಿ? ಇಲ್ದಿದ್ರೆ ನೂಲು ಹರಿದಿದ್ದು ಹೇಗೆ ಗೊತ್ತಾಗುತ್ತೆ?" ಎಂದ ಭೂಪತಿ.

"ಇಲ್ಲಿ ಮಲಗೋದು ಮನುಷ್ಯರು ಮಾಮಾ, ನಿಮ್ಮ ಮಗ್ಗ ಅಲ್ಲ" ಎಂದಳು ಗೋಕಿಲಾ ಗಂಡನಿಗೆ.

ಮಧ್ಯಾಹ್ನ ಅಂಗಡಿ ಮುಚ್ಚಿ, ಮಂಚದ ಮುಂದೆ ತಮ್ಮದೇ ಮಗ್ಗದ ಬಿಳಿ ಬಟ್ಟೆಯನ್ನು ಪರದೆಯಾಗಿ ಕಟ್ಟಿದರು. ಗೋಕಿಲಾ ಒಳಗೆ ದೀಪ ಹಾಕಿ ಮಲಗಿದಳು. ಗಂಡನನ್ನು ಸೋಫಾದಲ್ಲಿ ಕೂರಿಸಿದ್ದಳು.

"ಏನ್ ಕಾಣುತ್ತೆ?"

"ನಿನ್ನ ಮೂಗು. ಕೈ ಎತ್ತಿದ್ದೀಯ. ಈಗ ನನಗೆ ಬೆರಳು ತೋರಿಸ್ತಿದ್ದೀಯ."

ಒಳಗಿನ ದೀಪಕ್ಕೆ ನೆರಳೆಲ್ಲ ಬಟ್ಟೆಯ ಮೇಲೆ ಬಿದ್ದಿತ್ತು. ಭೂಪತಿ ಸಪ್ಪಗಾದ. ತನ್ನ ಬಟ್ಟೆ ತೆಳುವೆಂದು ಅವನಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ.

ಮರುದಿನವೂ ಅಂಗಡಿ ತೆರೆಯಲಿಲ್ಲ. ಮಂಚವನ್ನು ಹಿಂದಿನ ಎಡಮೂಲೆಗೆ ಸರಿಸಿದರು. ತಲೆಯ ಹತ್ತಿರ ಮತ್ತು ಒಂದು ಪಕ್ಕದಲ್ಲಿ ಗೋಕಿಲಾ ನಿಂತು ಕೆಲಸ ಮಾಡುವಷ್ಟು ಜಾಗ ಬಿಟ್ಟರು. ಬೇಸಿನ್ ಅದೇ ಹಿಂಗೋಡೆಯ ಬಲಮೂಲೆಗೆ ಹೋಯಿತು; ಪ್ಲಂಬರ್ ಪೈಪನ್ನು ಐದಡಿ ಎಳೆದರೆ ಸಾಕಾಯಿತು. ಕನ್ನಡಿಯನ್ನು ಕತ್ತರಿಸಿ ಮುಂದಿನ ಎಂಟಡಿಗೆ ಮಾತ್ರ ಉಳಿಸಿದರು. ಮಂಚದ ಸುತ್ತ ಸೂರಿನಿಂದ ನೆಲದವರೆಗೆ ಒಳಪದರ ಹೊಲಿದ ದಪ್ಪ ನೀಲಿ ಪರದೆ; ಅದು ತೆರೆಯುವುದು ಬೇಸಿನ್ ಕಡೆಗೆ, ಸೋಫಾ ಕಡೆಗಲ್ಲ. ಒಳಗೆ ಹಳದಿ ದೀಪ, ಗಾಳಿಗೆ ಸಣ್ಣ ಎಕ್ಸಾಸ್ಟ್ ಫ್ಯಾನ್, ಸೀರೆ ನೇತುಹಾಕಲು ಎರಡು ಕೊಕ್ಕೆ. ಹುಬ್ಬು ತಿದ್ದುವ ಕುರ್ಚಿಯ ಮೇಲೆ ಮಾತ್ರ ಬಿಳಿ ದೀಪ ಉಳಿಯಿತು.

ಭೂಪತಿ ಮತ್ತೆ ಸೋಫಾದಲ್ಲಿ ಕೂತ.

"ಏನ್ ಕಾಣುತ್ತೆ?"

"ಏನೂ ಇಲ್ಲ. ಇದೀಯೋ ಇಲ್ವೋ ಅದೂ ಗೊತ್ತಾಗ್ತಿಲ್ಲ."

ಗೋಕಿಲಾ ಪರದೆಯ ಫೋಟೊ ತೆಗೆದು ನಿತ್ಯಾಗೆ ಕಳಿಸಿದಳು. "ಇನ್ನೊಂದು ಕೈ ಬಾಕಿ ಇದೆ ಕಣ್ಣಮ್ಮಾ" ಎಂದಷ್ಟೇ ಬರೆದಳು.

ಶನಿವಾರ ಹನ್ನೊಂದಕ್ಕೆ ನಿತ್ಯಾ ಬಂದಳು. ಅರ್ಧ ಗಂಟೆಯ ನಂತರ ಲಕ್ಷ್ಮಿಯಮ್ಮಾಳ್ ಬಂದು ಸೋಫಾದಲ್ಲಿ ಕೂತು, "ಒಳಗೆ ಯಾರಮ್ಮಾ?" ಎಂದರು.

"ಒಬ್ಬರು ಇದ್ದಾರೆ ಅಕ್ಕಾ, ಸ್ವಲ್ಪ ಹೊತ್ತು ಕೂತ್ಕೊಳ್ಳಿ" ಎಂದು ಪರದೆಯೊಳಗಿಂದ ಗೋಕಿಲಾ ಹೇಳಿದಳು.

ನಿತ್ಯಾ ಬಾಕಿ ಕೈಯ ಜೊತೆಗೆ ಫೇಶಿಯಲ್ಲೂ ಮಾಡಿಸಿಕೊಂಡು ಎರಡು ಗಂಟೆ ಒಳಗಿದ್ದು, ಮದುವೆಯ ಹಿಂದಿನ ದಿನಕ್ಕೂ ಹೆಸರು ಬರೆಸಿ ಹೋದಳು.